ತಪ್ಪಿದ ತರಬೇತಿ, ಜೊತೆಗಾರರ ಟಿಪ್ಪಣಿ

(ದೋರನಹಳ್ಳಿಯಲ್ಲಿ ಸೇರಿದ್ದ ರೈತರ ಹಾಗೂ ಗ್ರಾಮ ಕಾರ್ಯಕರ್ತರ ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಎದ್ದು ನಿಂತವನು ಹತ್ತಿಯ ಬಗ್ಗೆಯೋ ತೊಗರಿಯ ಬಗ್ಗೆಯೋ ಮಾತನಾಡುವನೆಂದು ತಾವು ತಿಳಿದಿರಬಹುದು. ಹತ್ತಿಯ ಮಾತೂ ಬರುತ್ತದೆ. ಆದರೆ ನಾನು ಇಂದು ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಮುಖ್ಯವಾದ ತರಬೇತಿಯೊಂದಕ್ಕೆ ಹೋಗುವುದು ತಪ್ಪಿದರೆ, ಹೋಗಿ ಬಂದ ಜೊತೆಗಾರರ ಬಳಿ ಅದರ ಟಿಪ್ಪಣಿಯನ್ನು ಹೇಗೆ ಕೇಳಿ ಪಡೆಯಬೇಕು ಎಂಬುದೇ ಆ ಸಂಗತಿ. ಇದರಲ್ಲಿ ಹೇಳುವುದೇನಿದೆ, ಪುಸ್ತಕ ಕೊಡಿ ಎಂದರೆ ಆಯಿತಲ್ಲ ಎಂದು ನಾನೂ ತಿಳಿದಿದ್ದೆ. ಹೋದ ವರ್ಷ ಹಾಗೆ ತಿಳಿದೇ ಮುಗ್ಗರಿಸಿದೆ. ಆ ಕಥೆಯನ್ನು ಇದ್ದಂತೆಯೇ ಹೇಳುತ್ತೇನೆ.

ಹೋದ ಮುಂಗಾರಿನಲ್ಲಿ, ಹತ್ತಿ ಬಿತ್ತಿ ತಿಂಗಳಾದ ಮೇಲೆ, ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ವಿಷಯ ಗುಲಾಬಿ ಕಾಯಿಕೊರಕ ಕೀಡಿಯದು. 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತಾಗ, ಕಾಯಿಕೊರಕದ ಕಾಟ ತೀರಿತೆಂದು ಬಹು ಜನ ನಂಬಿದ್ದರು. ಕೆಲವು ವರ್ಷ ಹಾಗೆಯೇ ಆಯಿತು. ಆಮೇಲೆ ಈ ಗುಲಾಬಿ ಕೀಡಿ ಬಿಟಿಯ ವಿಷಕ್ಕೆ ಒಗ್ಗಿಕೊಂಡಿತು. ಈಗ ಬೀಜವನ್ನು ನಂಬಿ ಸುಮ್ಮನೆ ಕೂಡುವಂತಿಲ್ಲ. ಹೊಲಕ್ಕೆ ಹೋಗಿ ಬಲೆ ನೋಡಬೇಕು, ಕಾಯಿ ಸೀಳಿ ನೋಡಬೇಕು. ಅದನ್ನು ಕಲಿಸುವ ದಿನವೇ ನನಗೆ ಜ್ವರ ಬಂದು ನಾನು ಮನೆಯಲ್ಲಿ ಮಲಗಿದೆ.

ಮರುದಿನ ಮಲಗಿದಲ್ಲಿಂದಲೇ ಜೊತೆಗಾರರೊಬ್ಬರಿಗೆ ಫೋನಿನಲ್ಲಿ, "ಅಣ್ಣಾರ, ನಿನ್ನಿ ಟಿಪ್ಪಣಿ ಕಳಸ್ರಿ" ಎಂದು ಒಂದೇ ಸಾಲು ಬರೆದೆ. ಅವರು ನನಗಿಂತ ಹತ್ತು ವರ್ಷ ಹಿರಿಯರು, ಕೆಲಸದಲ್ಲಿ ನುರಿತವರು. ಪುಸ್ತಕದ ಎರಡು ಪುಟಗಳ ಚಿತ್ರ ತೆಗೆದು ಆಗಲೇ ಕಳಿಸಿದರು. ಅದರಲ್ಲಿ ಮುಖ್ಯವಾಗಿದ್ದ ಸಾಲುಗಳು ಇವು:

ಮೋ. ಬಲೆ 2 – 45 ದಿ.
8 – 3 ರಾ.
ಕಾಯಿ 20 – 2
ಗುಳಿಗೆ ಬದಲು 3
ಬೇ. ಕ. 5%

ನಾನು ಕೃಷಿ ಡಿಪ್ಲೊಮಾ ಓದಿದವನು. ಓದಿದ ಕೂಡಲೇ ಎಲ್ಲವೂ ತಿಳಿಯಿತೆಂದುಕೊಂಡೆ. ಮೋಹಕ ಬಲೆ ಎಕರೆಗೆ ಎರಡು, ಬಿತ್ತಿದ 45 ದಿನಕ್ಕೆ ಕಟ್ಟಬೇಕು. ಇದು ಸರಿಯಾಗಿಯೇ ಇತ್ತು. ಎರಡನೆಯ ಸಾಲನ್ನು ಮೂರು ರಾತ್ರಿಯಲ್ಲಿ ಎಂಟು ಪತಂಗ ಬಿದ್ದರೆ ಸಿಂಪಡಿಸಬೇಕು ಎಂದು ಓದಿಕೊಂಡೆ. ಮಿಕ್ಕವನ್ನೂ ಹೀಗೆಯೇ ನನ್ನ ಮನಸ್ಸಿಗೆ ಬಂದಂತೆ ಓದಿಕೊಂಡೆ. "ಭಾಳ ಉಪಕಾರಾತ್ರಿ" ಎಂದು ಬರೆದು, ಚಿತ್ರವನ್ನು ಫೋನಿನಲ್ಲಿಯೇ ಬಿಟ್ಟು ಕೆಲಸಕ್ಕೆ ಹತ್ತಿದೆ.

ಒಂದು ತಿಂಗಳು ಕಳೆಯಿತು. ಬಲೆ ಕಟ್ಟಿಸಿದ್ದಾಯಿತು, ಹತ್ತಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ಏಳೆಂಟು ಜನರನ್ನು ಕೂಡಿಸಿಕೊಂಡು, "ಮೂರು ರಾತ್ರಿ ನೋಡ್ರಿ, ಎಂಟು ಬಿದ್ದರ ಹೊಡೀರಿ" ಎಂದು ಹೇಳುತ್ತಿದ್ದೆ. ಅಲ್ಲಿ ಒಬ್ಬ ಹಿರಿಯ ತಾಯಿ ಇದ್ದರು. ಅಕ್ಷರ ಕಲಿತವರಲ್ಲ, ಆದರೆ ಲೆಕ್ಕದಲ್ಲಿ ಗಟ್ಟಿ. ಅವರು ಕೇಳಿದರು:

"ತಮ್ಮಾ, ಎಂಟು ಅಂತೀದಿ. ಒಂದು ರಾತ್ರಿಗಿ ಎಂಟೋ, ಮೂರೂ ರಾತ್ರಿ ಕೂಡಿ ಎಂಟೋ? ನನ್ನ ಬಲ್ಯಾಗ ಎರಡು, ನಾಕು, ಮೂರು ಬಿದ್ದಾವ. ಕೂಡಿದ್ರ ಒಂಬತ್ತು. ಈಗ ಎಣ್ಣಿ ಹೊಡೀಲೋ ಬ್ಯಾಡೋ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಡೆಯಿರಿ ಎನ್ನಲು ಬಾಯಿಯವರೆಗೆ ಬಂದಿತ್ತು. ಆದರೆ ಆ ತಾಯಿ ಕೇಳಿದ ರೀತಿಯಿಂದ, ನನಗೆ ತಿಳಿದದ್ದು ಕೇವಲ ಊಹೆ ಎಂಬುದು ನನಗೇ ಹೊಳೆಯಿತು. ಫೋನು ತೆಗೆದು ಚಿತ್ರ ನೋಡಿದೆ. "8 – 3 ರಾ." ಎಂದು ಮಾತ್ರ ಇತ್ತು. ಎಷ್ಟು ದಿಟ್ಟಿಸಿದರೂ ಅದು ಅಷ್ಟೇ ಹೇಳುತ್ತದೆ. "ಅವ್ವಾ, ಇವತ್ತ ಹೊಡೀಬ್ಯಾಡ್ರಿ. ನಾ ಕೇಳಿಕೊಂಡು ಬಂದು ನಾಳಿ ಹೇಳ್ತೀನ್ರಿ" ಎಂದು ಹೇಳಿ ಎದ್ದೆ.

ಆ ದಿನ ಸಂಜೆ ಜೊತೆಗಾರರ ಊರಿಗೇ ಹೋದೆ. ಈ ಸಲ ಕೇಳಿದ ಬಗೆ ಬೇರೆ.

"ಅಣ್ಣಾರ, ನೀವು ಕಳಿಸಿದ ಟಿಪ್ಪಣಿ ತಿಳಿದದ ಅಂತ ಅನ್ಕೊಂಡಿದ್ದೆ. ತಿಳಿದಿಲ್ರಿ. ಅರ್ಧ ತಾಸು ಕೂತು ಹೇಳ್ತೀರೇನ್ರಿ?"

"ಬಾ ತಮ್ಮಾ, ಮೊದಲ ಚಾ ಕುಡಿ. ಯಾವ ಸಾಲು ತಿಳೀಲಿಲ್ಲ?"

"ಎಂಟು ಅಂದ್ರ ಯಾವ ಎಂಟ್ರಿ?"

"ಒಂದು ಬಲಿಗೆ, ಒಂದು ರಾತ್ರಿಗೆ ಎಂಟು ಪತಂಗ. ಹಂಗ ಮೂರು ರಾತ್ರಿ ಒಂದರ ಹಿಂದ ಒಂದು ಬಿದ್ದರ ಆಗ ಹುಷಾರಾಗಬೇಕು."

ನೋಡಿರಿ, ಎಷ್ಟು ಅಂತರ. ನಾನು ಓದಿಕೊಂಡಿದ್ದು ಮೂರು ರಾತ್ರಿ ಕೂಡಿ ಎಂಟು. ನಿಜವಾದ ಲೆಕ್ಕ ದಿನಕ್ಕೆ ಎಂಟರಂತೆ ಮೂರು ರಾತ್ರಿಗೆ ಇಪ್ಪತ್ತನಾಲ್ಕು. ಆ ತಾಯಿಯ ಬಲೆಯಲ್ಲಿ ಬಿದ್ದದ್ದು ಒಂಬತ್ತು. ನನ್ನ ಮಾತು ಕೇಳಿದ್ದರೆ ಬೇಡದ ಒಂದು ಸಿಂಪಡಣೆಗೆ ಔಷಧಿಯ ಹಣ, ಕೂಲಿಯ ಹಣ, ನೀರು ಹೊರುವ ಶ್ರಮ ಎಲ್ಲವೂ ಹೋಗುತ್ತಿತ್ತು. ಅಷ್ಟೇ ಅಲ್ಲ, ಹೊತ್ತಿಗೆ ಮುಂಚೆ ಕಟುವಾದ ಔಷಧಿ ಹೊಡೆದರೆ ಕೀಡಿಯನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳೂ ಸಾಯುತ್ತವೆ. ಆಗ ಬಿಳಿನೊಣದಂಥ ಬೇರೆ ಕಾಟ ಏಳುತ್ತದೆ. ಬದುವಿನ ಮೇಲೆ ಕುಳಿತ ಏಳೆಂಟು ಮನೆಗಳಿಗೂ ಇದೇ ಗತಿಯಾಗುತ್ತಿತ್ತು.

ಈಗ ಯೋಚಿಸಬೇಕಾದ ಪ್ರಶ್ನೆ ಇದು. ತಪ್ಪು ಯಾರದು? ಜೊತೆಗಾರರದ್ದಂತೂ ಅಲ್ಲ. ಅವರು ಬರೆದದ್ದು ಅವರಿಗಾಗಿ. ತರಬೇತಿಯಲ್ಲಿ ಕುಳಿತವನಿಗೆ ಬಲೆಯನ್ನು ಕಣ್ಣಾರೆ ತೋರಿಸಿರುತ್ತಾರೆ, ಬಾಯಾರೆ ಹೇಳಿರುತ್ತಾರೆ. ಅವನು ಬರೆಯುವುದು ಅದೆಲ್ಲವನ್ನೂ ನೆನಪಿಗೆ ತರುವ ಒಂದು ಗುರುತು ಮಾತ್ರ. "8 – 3 ರಾ." ಎಂದು ನೋಡಿದ ಕೂಡಲೇ ಅವರಿಗೆ ಇಡೀ ಮಾತು ನೆನಪಾಗುತ್ತದೆ. ಅಲ್ಲಿ ಇಲ್ಲದಿದ್ದ ನನಗೆ ನೆನಪಾಗುವುದಕ್ಕೆ ಏನೂ ಇಲ್ಲ. ಅದಕ್ಕಾಗಿ ನಾನು ಖಾಲಿ ಜಾಗವನ್ನು ನನ್ನ ಊಹೆಯಿಂದ ತುಂಬಿದೆ. ತುಂಬಿದ್ದೇನೆ ಎಂಬುದು ಸಹ ನನಗೆ ತಿಳಿಯಲಿಲ್ಲ. ಅಪಾಯವಿರುವುದು ಇಲ್ಲಿಯೇ. ತಿಳಿಯದ ಸಾಲು ತೊಂದರೆ ಕೊಡುವುದಿಲ್ಲ, ಏಕೆಂದರೆ ಅದನ್ನು ನಾವು ಕೇಳುತ್ತೇವೆ. ತಿಳಿದಂತೆ ಕಾಣುವ ಸಾಲೇ ಮೋಸ ಮಾಡುತ್ತದೆ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಗಳಿಗೆ ಗ್ರಾಮಸೇವಕರು ಬಂದರು. ಹಳ್ಳಿಯ ಹಿರಿಯರು ನಮ್ಮಂಥವರನ್ನು ಕೆಲವೆಡೆ ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. 1970ರ ದಶಕದಿಂದ ತರಬೇತಿ ಮತ್ತು ಭೇಟಿ ಎಂಬ ಪದ್ಧತಿ ಬಂತು. ವಿಷಯ ತಜ್ಞರು ಹದಿನೈದು ದಿನಕ್ಕೊಮ್ಮೆ ಕಾರ್ಯಕರ್ತರನ್ನು ಕೂಡಿಸಿ ಹೇಳಬೇಕು, ಕಾರ್ಯಕರ್ತರು ಗೊತ್ತಾದ ದಿನ ಗೊತ್ತಾದ ಊರಿಗೆ ಹೋಗಿ ಅದನ್ನು ರೈತರಿಗೆ ಮುಟ್ಟಿಸಬೇಕು ಎಂಬುದು ಅದರ ಕ್ರಮ. ಆ ಪದ್ಧತಿ ಈಗ ಹಾಗೆಯೇ ಉಳಿದಿಲ್ಲ. ಆದರೆ ಮಾತು ಕೈಯಿಂದ ಕೈಗೆ ದಾಟುವುದು ಈಗಲೂ ಇದೆ. ಮೇಲಿನ ಕೈಯಿಂದ ಒಂದು ಸಂಖ್ಯೆ ಅರ್ಧ ದಾಟಿದರೆ, ಕೆಳಗೆ ಹೊಲದಲ್ಲಿ ಅದನ್ನು ಪೂರ್ತಿ ಮಾಡುವವರು ಯಾರೂ ಇರುವುದಿಲ್ಲ. ನಮ್ಮ ಪುಣ್ಯಕ್ಕೆ ಅಂದು ಆ ತಾಯಿ ಇದ್ದರು.

ಆ ಸಂಜೆಯ ಮೇಲೆ ನಾನು ಟಿಪ್ಪಣಿ ಕೇಳುವ ಕ್ರಮವನ್ನೇ ಬದಲಿಸಿಕೊಂಡೆ. ಅದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಕೇಳುವ ಹೊತ್ತು. ತರಬೇತಿಯಾದ ಎರಡು ಮೂರು ದಿನಗಳೊಳಗೆ ಜೊತೆಗಾರರ ಎದುರು ಕೂಡಬೇಕು. ನಾನು ತಿಂಗಳ ಮೇಲೆ ಹೋದುದರ ಫಲವನ್ನು ಅಂದೇ ಕಂಡೆ. "ಗುಳಿಗೆ ಬದಲು 3" ಎಂಬ ಸಾಲು ಇತ್ತಲ್ಲ, ಮೂರು ಎಂದರೆ ವಾರವೋ ತಿಂಗಳೋ ಎಂದು ಕೇಳಿದೆ. ಅವರು ಪುಸ್ತಕವನ್ನು ದೀಪಕ್ಕೆ ಹಿಡಿದು ನೋಡಿದರು. "ವಾರನೇ ಇರಬೇಕು ತಮ್ಮಾ, ಖರೇ ಹೇಳಬೇಕಂದ್ರ ನನಗೂ ನೆನಪಿಲ್ಲ" ಎಂದರು. ಆ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಮೂರನೆಯ ದಿನವೇ ಕೇಳಿದ್ದರೆ ನೆನಪಿರುತ್ತಿತ್ತು. ಬರೆದವನ ನೆನಪು ಹಸಿಯಾಗಿರುವಾಗಲೇ ಅವನ ಗುರುತುಗಳನ್ನು ಪೂರ್ಣ ಮಾತಾಗಿ ಬಿಡಿಸಿಕೊಳ್ಳಬೇಕು.

ಎರಡನೆಯದು, ಬರಿಗೈಯಲ್ಲಿ ಹೋಗಬಾರದು. ತರಬೇತಿಯಲ್ಲಿ ಹಂಚಿದ ಅಚ್ಚಿನ ಹಾಳೆ ಇದ್ದರೆ ಮೊದಲು ಅದನ್ನು ತರಿಸಿ ಓದಬೇಕು. ಅದರಲ್ಲಿ ಇರುವುದನ್ನೇ ಜೊತೆಗಾರರ ಬಾಯಿಂದ ಹೇಳಿಸುವುದು ಅವರ ಹೊತ್ತನ್ನು ಹಾಳು ಮಾಡಿದಂತೆ. ಆಮೇಲೆ ಟಿಪ್ಪಣಿಯನ್ನು ತರಿಸಿಕೊಂಡು, ಪ್ರತಿಯೊಂದು ಸಂಖ್ಯೆಯ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಬೇಕು. ಯಾವುದರ ಲೆಕ್ಕ? ಎಷ್ಟಕ್ಕೆ ಎಷ್ಟು? ಎಂದು ಮಾಡಬೇಕು? ಎಂದು ಮಾಡಕೂಡದು? ಈ ನಾಲ್ಕು ಪ್ರಶ್ನೆಗಳು ಸಾಕು. "5%" ಎಂಬುದನ್ನೇ ತೆಗೆದುಕೊಳ್ಳಿರಿ. ಯಾವುದರ ಐದು? ಬೇವಿನ ಬೀಜದ ತಿರುಳಿನ ಕಷಾಯ ಎಂದು ಜೊತೆಗಾರರು ಹೇಳಿದರು. ನಾನು ಅದನ್ನು ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬೇವಿನ ಎಣ್ಣೆ ಎಂದು ತಿಳಿದಿದ್ದೆ. ಅವೆರಡೂ ಬೇರೆ, ಅವುಗಳ ಪ್ರಮಾಣವೂ ಬೇರೆ. ಎಷ್ಟಕ್ಕೆ ಎಷ್ಟು? ನೂರು ಲೀಟರ್ ನೀರಿಗೆ ಐದು ಕಿಲೋ ತಿರುಳು. ಹಾಗಾದರೆ ಲೀಟರಿಗೆ 50 ಗ್ರಾಂ. ನಮ್ಮ ಬೆನ್ನಿನ ಮೇಲಿನ 16 ಲೀಟರ್ ಪಂಪಿಗೆ 800 ಗ್ರಾಂ. ಹೀಗೆ ರೈತನ ಕೈಯಲ್ಲಿರುವ ಅಳತೆಗೆ ತಂದು ನೋಡುವವರೆಗೆ ಆ ಸಾಲು ತಿಳಿಯಿತು ಎನ್ನಬಾರದು.

ಮೂರನೆಯದು, ಕೇಳುವ ಮಾತು. "ಟಿಪ್ಪಣಿ ಕಳಸ್ರಿ" ಎಂದರೆ ಜೊತೆಗಾರರು ಚಿತ್ರ ಕಳಿಸುತ್ತಾರೆ, ಅವರ ಕೆಲಸ ಮುಗಿಯುತ್ತದೆ. ನಾವು ಕೇಳಿದ್ದೇ ಅಷ್ಟು, ಕೊಟ್ಟದ್ದೂ ಅಷ್ಟು. "ಎಲ್ಲಾ ಹೇಳ್ರಿ" ಎಂದರೆ ಅದು ಅವರ ಮೇಲೆ ಹೊರೆ. ದಿನವಿಡೀ ಕೇಳಿದ್ದನ್ನು ಯಾರು ತಾನೇ ಮತ್ತೆ ಹೇಳಿಯಾರು? ಆದುದರಿಂದ ಏಕೆ ತಪ್ಪಿತು, ಏನು ಬೇಕು, ಎಷ್ಟು ಹೊತ್ತು ಬೇಕು ಎಂಬ ಮೂರನ್ನೂ ಸ್ಪಷ್ಟವಾಗಿ ಹೇಳಬೇಕು. ನಾನು ಈಗ ಹೀಗೆ ಬರೆದು ಕಳಿಸುತ್ತೇನೆ:

"ಅಣ್ಣಾರಿಗೆ ನಮಸ್ಕಾರ. ಜ್ವರ ಬಂದಿದ್ದರಿಂದ ನಿನ್ನಿನ ತರಬೇತಿಗೆ ಬರಲಾಗಲಿಲ್ಲ. ಹಂಚಿದ ಹಾಳೆ ತರಿಸಿ ಓದಿದ್ದೇನೆ. ತಾವು ಬರೆದುಕೊಂಡ ಟಿಪ್ಪಣಿಯನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇನೆ. ಬಲೆಯ ಲೆಕ್ಕ ಮತ್ತು ಕಾಯಿ ಸೀಳಿ ನೋಡುವುದು, ಈ ಎರಡನ್ನು ತಮ್ಮಿಂದ ಕೇಳಬೇಕು. ಗುರುವಾರ ಇಲ್ಲವೆ ಶುಕ್ರವಾರ ಸಂಜೆ ತಮಗೆ ಅನುಕೂಲವಾದಾಗ ಅರ್ಧ ತಾಸು ಬಂದು ಹೋಗುತ್ತೇನೆ."

ಇದರಲ್ಲಿ ನೆಪವಿಲ್ಲ, ಉದ್ದನೆಯ ಕ್ಷಮಾಪಣೆಯೂ ಇಲ್ಲ. ಹೋಗುವವನು ನಾನು, ಅವರನ್ನು ಕರೆಸಿಕೊಳ್ಳುವುದಿಲ್ಲ. ದಿನವನ್ನು ಆರಿಸುವುದು ಅವರಿಗೆ ಬಿಟ್ಟದ್ದು. ಈಗ ಬಿಡುವಿಲ್ಲ ಎಂದು ಅವರು ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೊಬ್ಬ ಜೊತೆಗಾರರನ್ನು ಕೇಳಬಹುದು. ಟಿಪ್ಪಣಿ ಅವರ ಸ್ವಂತದ್ದು, ಕೊಡಲೇಬೇಕೆಂಬ ಕಟ್ಟಳೆ ಏನೂ ಇಲ್ಲ.

ನಾಲ್ಕನೆಯದು, ಕುಳಿತಾಗ ಮಾಡಬೇಕಾದ ಕೆಲಸ. ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು ತಲೆ ಹಾಕಿ ಬರಬಾರದು. ನಮಗೆ ತಿಳಿದದ್ದನ್ನು ನಮ್ಮ ಮಾತಿನಲ್ಲಿ ಅವರಿಗೆ ತಿರುಗಿ ಹೇಳಬೇಕು. "ಹಂಗಾದ್ರ ಅಣ್ಣಾರ, ಇಪ್ಪತ್ತು ಕಾಯಿ ಅಂದ್ರ ಎರಡು ಗಿಡದ್ದು ಹರೀಬೇಕಲ್ಲರಿ?" ಎಂದೆ. "20 – 2" ಎಂಬುದನ್ನು ನಾನು ಹಾಗೆ ಓದಿದ್ದೆ. ಅವರು ನಕ್ಕುಬಿಟ್ಟರು. "ಅಲ್ಲೋ ತಮ್ಮಾ. ಎಕರೆದಾಗ ಅಡ್ಡಾಡಿ ಇಪ್ಪತ್ತು ಗಿಡದಿಂದ ಒಂದೊಂದು ಹಸಿ ಕಾಯಿ ತರಬೇಕು. ಅದರಾಗ ಎರಡರಾಗ ಕೀಡಿ ಇದ್ರ, ನೂರಕ್ಕ ಹತ್ತು ಆತು, ಆಗ ಹೊಡೀಬೇಕು" ಎಂದರು. ನಾನು ತಿರುಗಿ ಹೇಳದಿದ್ದರೆ ನನ್ನ ತಪ್ಪು ಅವರಿಗೆ ಕಾಣುತ್ತಲೇ ಇರಲಿಲ್ಲ. ಕೇಳುವವನ ತಪ್ಪು ಹೊರಬೀಳುವುದು ಅವನು ಬಾಯಿ ಬಿಟ್ಟಾಗಲೇ.

ಐದನೆಯದು ಎಲ್ಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ಟಿಪ್ಪಣಿಯಲ್ಲಿ ಇಲ್ಲದ್ದನ್ನು ಕೇಳಬೇಕು. ಅಂದು ಏಳುವ ಮುನ್ನ, "ಅಣ್ಣಾರ, ಪುಸ್ತಕದಾಗ ಬರೀದೆ ಬಿಟ್ಟಿದ್ದು, ಬರೇ ಕಣ್ಣಿಲೆ ನೋಡಿದ್ದು ಏನರ ಅದ ಏನ್ರಿ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. ಆಮೇಲೆ, "ಹಾಂ, ಒಂದು ಅದ. ಗುಲಾಬಿ ಕೀಡಿ ಅಂತ ಹೆಸರ ಅದ, ಆದ್ರ ಸಣ್ಣದಿದ್ದಾಗ ಗುಲಾಬಿ ಇರೂದಿಲ್ಲ, ಬಿಳಿ ಇರ್ತದ" ಎಂದರು. ಈ ಮಾತು ಎರಡು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಕಣ್ಣಾರೆ ಕಂಡವರಿಗೆ ಬರೆಯಬೇಕೆನಿಸುವುದಿಲ್ಲ. ಕಾಣದ ನಾನು ಹೆಸರನ್ನು ನಂಬಿ ಗುಲಾಬಿ ಬಣ್ಣದ ಹುಳುವನ್ನೇ ಹುಡುಕುತ್ತಿದ್ದೆ. ಮರಿಹುಳು ಬೆಳೆದು ದೊಡ್ಡದಾದ ಮೇಲೆ ಗುಲಾಬಿ ಬಣ್ಣ ಬರುತ್ತದೆ. ಅಷ್ಟರಲ್ಲಿ ಕಾಯಿಯೊಳಗಿನ ಕೆಲಸವನ್ನು ಅದು ಮುಗಿಸಿರುತ್ತದೆ. ಸಣ್ಣದನ್ನು ಬಿಟ್ಟು ದೊಡ್ಡದನ್ನೇ ಎಣಿಸಿದ್ದರೆ ಈ ಕಡೆಯ ತಪ್ಪು ಆಗುತ್ತಿತ್ತು. ಅಂದರೆ ಹೊಡೆಯಬೇಕಾದಾಗ ಬೇಡವೆಂದು ಹೇಳುತ್ತಿದ್ದೆ.

ಕಾಯಿ ಸೀಳಿ ನೋಡುವುದನ್ನು ಮಾತಿನಿಂದ ಪೂರ್ತಿ ಕಲಿಯಲಾಗುವುದಿಲ್ಲ. ಈ ಕೀಡಿ ಚಿಕ್ಕದಿರುವಾಗಲೇ ಎಳೆ ಕಾಯಿಯನ್ನು ಹೊಕ್ಕುಬಿಡುತ್ತದೆ, ಹೊಕ್ಕ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಹಸಿರಾಗಿ, ದುಂಡಗೆ, ಚೆನ್ನಾಗಿಯೇ ಕಾಣುತ್ತದೆ. ಸೀಳಿದಾಗ ತೊಗಟೆಯ ಒಳಮೈಯಲ್ಲಿ ಹುಳು ಹೊಕ್ಕ ಕಡೆ ನರೂಲಿಯಂಥ ಸಣ್ಣ ಗಂಟು ಕಾಣುತ್ತದೆ. ಅದನ್ನು ಎಷ್ಟು ಬರೆದರೂ ಕೈಗೆ ಬರುವುದಿಲ್ಲ. ಆದುದರಿಂದ, "ನಿಮ್ಮೂರಾಗ ನೋಡೋ ದಿವಸ ನನ್ನ ಕರೀರಿ, ನಾನೂ ಬರ್ತೀನಿ" ಎಂದು ಕೇಳಿಕೊಂಡೆ. ನಾಲ್ಕು ದಿನದ ಮೇಲೆ ಅವರ ಜೊತೆ ಒಂದು ಹೊಲದಲ್ಲಿ ಇಪ್ಪತ್ತು ಕಾಯಿ ಸೀಳಿದೆ. ಮೊದಲ ಹತ್ತನ್ನು ಅವರು ಸೀಳಿ ತೋರಿಸಿದರು, ಮುಂದಿನ ಹತ್ತನ್ನು ನಾನು ಸೀಳಿದೆ, ಅವರು ನೋಡಿದರು. ನಾನು ಏನೂ ಇಲ್ಲವೆಂದು ಬಿಸಾಡಿದ ಒಂದು ಕಾಯಿಯನ್ನು ಎತ್ತಿಕೊಂಡು ಅದರೊಳಗೆ ಬಿಳಿಯ ಮರಿಹುಳುವನ್ನು ಅವರು ತೋರಿಸಿದರು. ಟಿಪ್ಪಣಿಯಿಂದ ಆಗದ ಕೆಲಸ ಆ ಒಂದು ಕಾಯಿಯಿಂದ ಆಯಿತು. ಕೈಕೆಲಸವನ್ನು ಕಲಿಸಿದ ತರಬೇತಿ ತಪ್ಪಿದರೆ ಪುಸ್ತಕವನ್ನು ಕೇಳುವುದರ ಜೊತೆಗೆ ಹೊಲಕ್ಕೆ ಕರೆದುಕೊಂಡು ಹೋಗೆಂದು ಸಹ ಕೇಳಬೇಕು.

ಇನ್ನು ಜೊತೆಗಾರರಿಗೂ ತಿಳಿಯದ ಮಾತನ್ನು ಏನು ಮಾಡಬೇಕು? ಗುಳಿಗೆಯ ಮೂರರ ಲೆಕ್ಕ ನಮ್ಮಿಬ್ಬರಿಗೂ ಬಗೆಹರಿಯಲಿಲ್ಲ. ಇಬ್ಬರೂ ಸೇರಿ ಊಹಿಸಿದರೆ ಅದು ಜ್ಞಾನವಾಗುವುದಿಲ್ಲ, ಇಬ್ಬರ ಊಹೆ ಅಷ್ಟೆ. ಆ ಸಾಲಿನ ಮುಂದೆ ಪ್ರಶ್ನೆಯ ಗುರುತು ಹಾಕಿದೆ. ನಮ್ಮ ಸುತ್ತಿನಲ್ಲಿ ಕೇಳುವುದಕ್ಕೆ ಸ್ಥಳಗಳಿವೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ನಮ್ಮ ಶಹಾಪುರದ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ತಜ್ಞರೊಬ್ಬರನ್ನು ಕೇಳಿದಾಗ, ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸುವುದು ವಾಡಿಕೆ, ಆದರೆ ತಯಾರಕರಂತೆ ಅವಧಿ ಬೇರೆಯಾಗುವುದರಿಂದ ಪೊಟ್ಟಣದ ಮೇಲೆ ಬರೆದದ್ದನ್ನೇ ನಂಬಬೇಕು ಎಂದರು. ಒಂದೇ ಪ್ರಶ್ನೆ ಇಟ್ಟುಕೊಂಡು ಹೋದುದರಿಂದ ಐದು ನಿಮಿಷದಲ್ಲಿ ಕೆಲಸವಾಯಿತು. ತರಬೇತಿಯಲ್ಲಿ ಏನಾಯಿತೆಂದು ತಜ್ಞರನ್ನೇ ಕೇಳಿದ್ದರೆ ಅವರು ಎಲ್ಲಿಂದ ಆರಂಭಿಸಬೇಕು?

ಮರೆಯಬಾರದ ಇನ್ನೆರಡು ಮಾತು. ಜೊತೆಗಾರರು ಕಳಿಸಿದ ಪುಟದ ಚಿತ್ರವನ್ನು ಅವರನ್ನು ಕೇಳದೆ ಗುಂಪುಗಳಿಗೆ ಹಂಚಬಾರದು. ನನಗೆ ಬಂದ ಪುಟದ ಅಂಚಿನಲ್ಲಿ ಅವರ ಊರಿನ ನಾಲ್ಕು ರೈತರ ಹೆಸರು, ಫೋನಿನ ಸಂಖ್ಯೆ ಇದ್ದವು. ಅದು ಊರೂರು ತಿರುಗತಕ್ಕದ್ದಲ್ಲ. ಮೇಲಾಗಿ, ನಾನು ಓದಿ ತಪ್ಪಿದ "8 – 3 ರಾ." ಎಂಬ ಸಾಲು ನೂರು ಜನರ ಕೈಗೆ ಹೋದರೆ ನೂರು ಜನ ತಪ್ಪುವರು. ಎರಡನೆಯದಾಗಿ, ರೈತರಿಗೆ ಹೇಳುವಾಗ ಆ ತರಬೇತಿಯಲ್ಲಿ ನಾನಿದ್ದೆ ಎಂಬಂತೆ ನಟಿಸಬಾರದು, ಹಾಜರಿಯ ಹಾಳೆಯಲ್ಲಿಯೂ ಹಿಂದಿನಿಂದ ಹೆಸರು ಸೇರಿಸಬಾರದು. ಮರುದಿನ ನಾನು ಆ ತಾಯಿಯ ಹೊಲಕ್ಕೆ ಹೋಗಿ, "ಅವ್ವಾ, ತರಬೇತಿಗೆ ನಾ ಹೋಗಿದ್ದಿಲ್ರಿ. ಹೋದವರನ್ನ ಕೇಳಿ ಬಂದೀನಿ. ಒಂದು ರಾತ್ರಿಗೇ ಎಂಟ್ರಿ. ನಿಮ್ಮ ಬಲ್ಯಾಗ ಬಿದ್ದದ್ದು ಕಡಿಮಿ ಅದ, ಎಣ್ಣಿ ಬ್ಯಾಡ್ರಿ" ಎಂದು ಹೇಳಿದೆ. ನನ್ನ ಮಾನ ಹೋಗುವುದೆಂದು ಅಂಜಿದ್ದೆ. ಅವರು, "ಕೇಳಿ ಬಂದಿ, ಚಲೋ ಆತು" ಎಂದಷ್ಟೇ ಹೇಳಿ ಕಳೆ ಕೀಳಲು ಬಗ್ಗಿದರು.

ಎರಡು ವಾರದ ಮೇಲೆ ಅವರ ಹೊಲದಲ್ಲಿ ಇಪ್ಪತ್ತು ಕಾಯಿ ಸೀಳಿದೆವು. ಒಂದರಲ್ಲಿ ಹುಳು ಇತ್ತು, ನೂರಕ್ಕೆ ಐದಾಯಿತು. ಇನ್ನೂ ತಾಳಬಹುದೆಂದೆ. ಮುಂದಿನ ವಾರ ಮೂರರಲ್ಲಿ ಸಿಕ್ಕಿತು, ಆಗ ಸಿಂಪಡಿಸಿದರು. ಹೊಡೆಯಬೇಕಾದ ವಾರ ಹೊಡೆದರು, ಬೇಡದ ವಾರ ಬಿಟ್ಟರು. ಜೊತೆಗಾರರ ಮನೆಯಲ್ಲಿ ಕುಳಿತ ಅರ್ಧ ತಾಸಿನ ಬೆಲೆ ಅಷ್ಟು.

ಆ ಪುಟಗಳನ್ನು ನಾನು ಪೂರ್ಣ ವಾಕ್ಯಗಳಲ್ಲಿ ಬಿಡಿಸಿ, ತಜ್ಞರು ಹೇಳಿದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಶುದ್ಧ ಪ್ರತಿ ಮಾಡಿ ಜೊತೆಗಾರರಿಗೂ ಒಂದು ಕೊಟ್ಟೆ. ಅವರು ಅದನ್ನು ಓದಿ, "ಇದು ನನ್ನ ಪುಸ್ತಕಕ್ಕಿಂತ ಚಲೋ ಅದ" ಎಂದು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಕೇಳಿ ಪಡೆದ ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ಉಪಕಾರ ಸ್ಮರಣೆ ನನಗೆ ಹೊಳೆಯಲಿಲ್ಲ. ಚಳಿಗಾಲದಲ್ಲಿ ಮತ್ತೊಂದು ತರಬೇತಿ ಅವರಿಗೆ ತಪ್ಪಿತು. ಅಂದು ನಾನು ಬರೆದುಕೊಳ್ಳುವಾಗ ಪ್ರತಿ ಸಂಖ್ಯೆಯ ಮುಂದೆ ಎಕರೆಗೋ ಲೀಟರಿಗೋ ರಾತ್ರಿಗೋ ಎಂಬುದನ್ನು ತಪ್ಪದೆ ಬರೆದೆ. ಓದುವವರು ಅಲ್ಲಿರಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು.

ರೈತ ಬಂಧುಗಳೇ, ಇದು ನಮ್ಮಂಥ ಕಾರ್ಯಕರ್ತರಿಗೆ ಮಾತ್ರ ಹೇಳಿದ ಮಾತಲ್ಲ. ಪಕ್ಕದ ಹೊಲದವರು ಪ್ರಾತ್ಯಕ್ಷಿಕೆ ನೋಡಿ ಬಂದಾಗ, ಸಂಘದ ಒಬ್ಬ ತಾಯಿ ತರಬೇತಿಗೆ ಹೋಗಿ ಬಂದಾಗ ತಾವೂ ಕೇಳುತ್ತೀರಿ. ಆಗ ಏನು ಹೇಳಿದರೆಂದು ಕೇಳಿ ಸುಮ್ಮನಾಗಬೇಡಿರಿ. ಆ ತಾಯಿ ಕೇಳಿದಂತೆ ಕೇಳಿರಿ: ಒಂದು ರಾತ್ರಿಗೋ, ಮೂರು ರಾತ್ರಿಗೋ? ನಮ್ಮಲ್ಲಿ ಉತ್ತರವಿಲ್ಲದಿದ್ದರೆ ನಾವು ಹೋಗಿ ಕೇಳಿಕೊಂಡು ಬರುತ್ತೇವೆ.